ಜಠರದ ಶಸ್ತ್ರಚಿಕಿತ್ಸೆಯ ನಂತರ ಡಂಪಿಂಗ್ ಸಿಂಡ್ರೋಮ್: ಊಟ, ನೀರು, ಸಿಹಿ

ಪಥ್ಯಾಹಾರ ವಿಭಾಗದಿಂದ, ಮನೆಗೆ ಹೊರಟಿರುವ ರೋಗಿಗಳಿಗೆ ಮತ್ತು ಅವರಿಗೆ ಅಡುಗೆ ಮಾಡಿ ಬಡಿಸುವವರಿಗೆ

ಜಠರದ ಒಂದು ಭಾಗವನ್ನೋ ಇಡೀ ಜಠರವನ್ನೋ ತೆಗೆದವರಲ್ಲಿ, ಜಠರವನ್ನು ಸಣ್ಣಕರುಳಿಗೆ ಹೊಸದಾಗಿ ಜೋಡಿಸಿದವರಲ್ಲಿ, ತೂಕ ಇಳಿಸುವ ಬೈಪಾಸ್ ಶಸ್ತ್ರಚಿಕಿತ್ಸೆ ಆದವರಲ್ಲಿ ಮತ್ತು ಅನ್ನನಾಳದ ಶಸ್ತ್ರಚಿಕಿತ್ಸೆ ಆದ ಕೆಲವರಲ್ಲಿ ಊಟದ ನಂತರ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಊಟವಾಗಿ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಡವಗುಟ್ಟುತ್ತದೆ, ಮುಖ ಬಿಸಿಯಾಗುತ್ತದೆ, ಬೆವರು, ತಲೆಸುತ್ತು, ಹೊಟ್ಟೆ ಉಬ್ಬರ, ನುಲಿತ, ಕೊನೆಗೆ ಭೇದಿ. ಇಷ್ಟೆಲ್ಲ ಒಟ್ಟಿಗೆ ಬಂದಾಗ ಗಾಬರಿಯಾಗುವುದು ಸಹಜ. ಶಸ್ತ್ರಚಿಕಿತ್ಸೆ ವಿಫಲವಾಗಿದೆ ಎಂದು ಇದರ ಅರ್ಥವಲ್ಲ. ಹೆಚ್ಚಿನವರಿಗೆ ಊಟದ ಕ್ರಮ ಬದಲಿಸುವುದರಿಂದಲೇ ಇದು ಹಿಡಿತಕ್ಕೆ ಬರುತ್ತದೆ, ತಿಂಗಳುಗಳು ಕಳೆದಂತೆ ಕಡಿಮೆಯೂ ಆಗುತ್ತದೆ.

ನಮಗೆ ಹೆಚ್ಚು ಕಳವಳ ತರುವುದು ಬೇರೆ ಸಂಗತಿ. ಒಂದೆರಡು ಬಾರಿ ಹೀಗಾದ ಮೇಲೆ ಅನೇಕರು ಹೆದರಿ ಊಟವನ್ನೇ ಬಿಡುತ್ತಾರೆ. ತೂಕ ಇಳಿಯುತ್ತದೆ, ನಿಶ್ಶಕ್ತಿ ಹೆಚ್ಚುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ದಿನದ ಊಟದ ಒಟ್ಟು ಪ್ರಮಾಣ ಕಡಿಮೆಯಾಗಬಾರದು, ಒಂದು ಸಲಕ್ಕೆ ತಿನ್ನುವುದು ಮಾತ್ರ ಕಡಿಮೆಯಾಗಬೇಕು.

ಹೀಗೇಕೆ ಆಗುತ್ತದೆ

ಜಠರದ ಕೆಳತುದಿಯ ಕವಾಟ ಕೆರೆಯ ತೂಬಿನ ಹಾಗೆ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತಿತ್ತು. ಈಗ ಆ ಕವಾಟ ಇಲ್ಲ, ಇಲ್ಲವೇ ಅದರ ಹಿಡಿತ ಸಡಿಲವಾಗಿದೆ. ತಿಂದದ್ದು, ಅದರಲ್ಲೂ ಸಿಹಿಯಾದದ್ದು ಮತ್ತು ನೀರಾದದ್ದು, ಒಮ್ಮೆಲೇ ಸಣ್ಣಕರುಳಿಗೆ ಇಳಿಯುತ್ತದೆ. ಆ ದಟ್ಟ ಸಿಹಿಯನ್ನು ತೆಳುಮಾಡಲು ರಕ್ತದಲ್ಲಿನ ನೀರು ಕರುಳಿನೊಳಗೆ ಬರುತ್ತದೆ. ಹೊಟ್ಟೆ ಉಬ್ಬುವುದೂ ತಲೆಸುತ್ತುವುದೂ ಅದರಿಂದಲೇ.

ಇನ್ನು ಕೆಲವರಿಗೆ ಊಟವಾಗಿ ಒಂದರಿಂದ ಮೂರು ಗಂಟೆಯ ನಂತರ ತೊಂದರೆ ಶುರುವಾಗುತ್ತದೆ. ಸಕ್ಕರೆ ಅತಿ ಬೇಗ ರಕ್ತಕ್ಕೆ ಸೇರಿದ್ದರಿಂದ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸುರಿದು, ರಕ್ತದ ಸಕ್ಕರೆ ಕುಸಿಯುತ್ತದೆ. ಕೈ ನಡುಕ, ತಣ್ಣನೆಯ ಬೆವರು, ತಡೆಯಲಾಗದ ಹಸಿವು, ಮಂಕು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಯಾವ ತೊಂದರೆ ಊಟವಾಗಿ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಗಡಿಯಾರ ನೋಡಿ ಗುರುತಿಸಿಕೊಳ್ಳಿ. ಚಿಕಿತ್ಸೆ ನಿರ್ಧರಿಸುವಾಗ ವೈದ್ಯರು ಮೊದಲು ಕೇಳುವುದು ಇದನ್ನೇ.

ದಿನಕ್ಕೆ ಆರು ಸಣ್ಣ ಊಟ

ಮೂರು ಹೊತ್ತಿನ ಊಟವನ್ನು ಆರಾಗಿ ಒಡೆಯಿರಿ. ದೊಡ್ಡ ತಟ್ಟೆಯನ್ನು ಒಳಗಿಟ್ಟು ತಿಂಡಿ ತಟ್ಟೆಯಲ್ಲಿ ಬಡಿಸಿಕೊಳ್ಳಿ. ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಕೊಡಿ. ಪ್ರತಿ ತುತ್ತೂ ಬಾಯಲ್ಲಿ ನುಣ್ಣಗಾಗುವವರೆಗೆ ಅಗಿಯಿರಿ. ಮುದ್ದೆ ಉಣ್ಣುವವರಿಗೆ ವಿಶೇಷವಾಗಿ ಹೇಳಬೇಕಾದ ಮಾತು: ಇದುವರೆಗೆ ಸಾರಿನಲ್ಲಿ ಅದ್ದಿ ನುಂಗುತ್ತಿದ್ದಿರಿ, ಇನ್ನು ಮುಂದೆ ನುಂಗಬಾರದು. ನಿಂಬೆ ಗಾತ್ರದ ಎರಡು ಉಂಡೆ ಸಾಕು, ಅದನ್ನು ಚೂರು ಮಾಡಿ, ಗಟ್ಟಿ ಪಲ್ಯದ ಜೊತೆ ಅಗಿದು ತಿನ್ನಿ. ರಾಗಿ ಒಳ್ಳೆಯದೇ. ಆದರೆ ಅದನ್ನೇ ತೆಳ್ಳಗೆ ಅಂಬಲಿ ಮಾಡಿ, ಬೆಲ್ಲ ಹಾಕಿ, ಒಂದು ದೊಡ್ಡ ಲೋಟ ಕುಡಿದರೆ ತೊಂದರೆ ಖಚಿತ.

ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ: ಮೊಟ್ಟೆ, ಮೀನು, ಕೋಳಿಮಾಂಸ, ಪನೀರ್, ಗಟ್ಟಿ ತೊವ್ವೆ, ಮೊಳಕೆ ಕಾಳಿನ ಉಸಲಿ, ಗಟ್ಟಿ ಮೊಸರು, ಶೇಂಗಾ. ತಟ್ಟೆಯಲ್ಲಿರುವ ಪ್ರೋಟೀನ್ ಪದಾರ್ಥವನ್ನು ಮೊದಲು ತಿನ್ನಿ, ಅನ್ನ ಅಥವಾ ರೊಟ್ಟಿ ನಂತರ. ಬೆಂಡೆಕಾಯಿ, ಓಟ್ಸ್, ಸೇಬು, ಸೀಬೆಯಂಥ ನಾರು ಇರುವ ಪದಾರ್ಥಗಳು ಆಹಾರವನ್ನು ಮಂದಗೊಳಿಸಿ ಕರುಳಿಗೆ ನಿಧಾನವಾಗಿ ಇಳಿಸುತ್ತವೆ. ಇಸಬ್ಗೋಲ್ ಶುರು ಮಾಡುವ ಮೊದಲು ನಮ್ಮನ್ನು ಕೇಳಿ. ಜಠರ ಕಿರಿದಾದವರಿಗೆ ಅದು ಕಡಿಮೆ ನೀರಿನಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ.

ಸಾಮಾನ್ಯ ಆಹಾರಕ್ಕೆ ಮರಳಿರುವವರಿಗೆ ಒಂದು ದಿನದ ಮಾದರಿ ಹೀಗಿದೆ. ಮೆತ್ತನೆಯ ಆಹಾರದ ಹಂತದಲ್ಲಿರುವವರು ಆ ಹಂತಕ್ಕೆ ಹೇಳಿದ್ದನ್ನೇ ಪಾಲಿಸಲಿ.

ಬೆಳಿಗ್ಗೆ 7.30: ಒಂದು ಇಡ್ಲಿ, ಗಟ್ಟಿ ಹುರಿಗಡಲೆ ಚಟ್ನಿ, ಒಂದು ಬೇಯಿಸಿದ ಮೊಟ್ಟೆ. ಸಾಂಬಾರ್ ಬೇಡ.
10.00: ಅರ್ಧ ಬಟ್ಟಲು ಚೆನ್ನಾಗಿ ಬೆಂದ ಹೆಸರುಕಾಳಿನ ಉಸಲಿ.
ಮಧ್ಯಾಹ್ನ 1.00: ಒಂದು ಚಪಾತಿ ಅಥವಾ ಅರ್ಧ ಬಟ್ಟಲು ಅನ್ನ, ಗಟ್ಟಿ ತೊವ್ವೆ, ಬೀನ್ಸ್ ಪಲ್ಯ.
3.30: ಒಂದು ಸಣ್ಣ ಹಿಡಿ ಹುರಿದ ಶೇಂಗಾ, ಎರಡು ಹೋಳು ಸೇಬು.
ಸಂಜೆ 6.00: ಒಣಗಿದಂತಿರುವ ಉಪ್ಪಿಟ್ಟು ಅರ್ಧ ಬಟ್ಟಲು, ತರಕಾರಿ ಹೆಚ್ಚು, ರವೆ ಕಡಿಮೆ. ಜೊತೆಗೆ ಒಂದು ತುಂಡು ಪನೀರ್.
ರಾತ್ರಿ 8.30: ಅರ್ಧ ಜೋಳದ ರೊಟ್ಟಿ, ಝುಣಕ ಅಥವಾ ಮೀನಿನ ಪಲ್ಯ, ಎರಡು ಚಮಚ ಗಟ್ಟಿ ಮೊಸರು.

ನೆಂಟರ ಮನೆಯಲ್ಲಿ, ಮದುವೆಯಲ್ಲಿ "ಇನ್ನೊಂದು ಸ್ವಲ್ಪ" ಎಂದು ಬಡಿಸುವವರನ್ನು ತಡೆಯುವುದು ಕಷ್ಟ. ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು "ಅವರಿಗೆ ಆಪರೇಷನ್ ಆಗಿದೆ, ಇಷ್ಟೇ ಬಡಿಸಿ" ಎಂದು ಮೊದಲೇ ಹೇಳಿಬಿಟ್ಟರೆ ರೋಗಿಗೆ ಮುಜುಗರ ತಪ್ಪುತ್ತದೆ.

ನೀರು ಯಾವಾಗ

ನಮ್ಮ ಊಟದ ರೀತಿಗೆ ಅತಿ ಕಷ್ಟವಾಗುವ ಭಾಗ ಇದು. ಅನ್ನಕ್ಕೆ ಸಾರು, ಕೊನೆಗೆ ಮಜ್ಜಿಗೆ, ನಡುವೆ ನೀರು, ಎಲ್ಲವೂ ಒಂದೇ ಕೂಟದಲ್ಲಿ ಆಗುತ್ತವೆ. ಈಗ ಗಟ್ಟಿಯಾದದ್ದನ್ನೂ ನೀರಾದದ್ದನ್ನೂ ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ಕುಡಿಯುವುದನ್ನು ನಿಲ್ಲಿಸಿ. ಊಟದ ಜೊತೆ ಕುಡಿಯಬೇಡಿ. ಊಟ ಮುಗಿದು ಕನಿಷ್ಠ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಶುರು ಮಾಡಿ. ಮಾತ್ರೆ ನುಂಗಲು ಒಂದೆರಡು ಗುಟುಕು ನೀರು ಅಡ್ಡಿಯಿಲ್ಲ.

ಸಾರು, ಸಾಂಬಾರ್, ಮಜ್ಜಿಗೆ, ಸೂಪ್, ಗಂಜಿಯ ತಿಳಿ, ಕಾಫಿ, ಚಹಾ, ಹಾಲು, ಎಳನೀರು ಎಲ್ಲವೂ ಈ ಲೆಕ್ಕದಲ್ಲಿ ನೀರೇ. ಕರಾವಳಿಯವರು ಕುಚಲಕ್ಕಿ ಗಂಜಿ ಬಿಡಬೇಕಿಲ್ಲ: ತಿಳಿಯನ್ನು ಬಸಿದಿಟ್ಟು ಅನ್ನವನ್ನು ಪಲ್ಯದ ಜೊತೆ ತಿನ್ನಿ, ತಿಳಿಯನ್ನು ಮುಕ್ಕಾಲು ಗಂಟೆ ಬಿಟ್ಟು ಕುಡಿಯಿರಿ. ತಿಳಿಸಾರು ಬೇಕೇಬೇಕು ಎನ್ನುವವರು ಅದನ್ನು ಊಟಗಳ ನಡುವೆ ಅರ್ಧ ಲೋಟ ಕುಡಿಯಬಹುದು.

ಹಾಗೆಂದು ನೀರು ಕಡಿಮೆ ಮಾಡಬೇಡಿ. ವೈದ್ಯರು ಬೇರೆ ಮಿತಿ ಹೇಳಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಗುರಿ ಇಟ್ಟುಕೊಳ್ಳಿ. ಭೇದಿ ಆಗುತ್ತಿರುವವರಿಗೆ ಇದು ಇನ್ನೂ ಮುಖ್ಯ. ಎತ್ತಿ ಗಟಗಟನೆ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ಒಂದು ಲೀಟರ್ ಬಾಟಲಿಯನ್ನು ಬೆಳಿಗ್ಗೆ ತುಂಬಿಟ್ಟು ಮಧ್ಯಾಹ್ನದ ಊಟದೊಳಗೆ ಮುಗಿಸಿ, ಮತ್ತೆ ತುಂಬಿ ಮಲಗುವುದರೊಳಗೆ ಮುಗಿಸುವುದು ಒಳ್ಳೆಯ ಅಭ್ಯಾಸ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ.

ಸಿಹಿ

ಇವು ಸಕ್ಕರೆಯಷ್ಟು ತೊಂದರೆ ಕೊಡುವುದಿಲ್ಲ ಎಂಬ ಮಾತನ್ನು ನಂಬಿ, ಸಕ್ಕರೆಯನ್ನು ಬಿಟ್ಟು ಬೆಲ್ಲ, ಜೇನುತುಪ್ಪ, ಖರ್ಜೂರಕ್ಕೆ ಬದಲಾಗುವವರು ಬಹಳ. ಮಧುಮೇಹಕ್ಕೂ ಈ ಮಾತು ನಿಜವಲ್ಲ, ಇದಕ್ಕಂತೂ ಅಲ್ಲವೇ ಅಲ್ಲ. ಕರುಳಿಗೆ ಇವೆಲ್ಲವೂ ಬೇಗ ಕರಗುವ ಸಕ್ಕರೆಗಳೇ. ಪಾಯಸ, ಹೋಳಿಗೆ, ಕೇಸರಿಬಾತ್, ಮೈಸೂರು ಪಾಕ್, ಜಿಲೇಬಿ, ಐಸ್‌ಕ್ರೀಂ, ಕಬ್ಬಿನ ಹಾಲು, ಹಣ್ಣಿನ ರಸ, ತಂಪು ಪಾನೀಯ, ಸಕ್ಕರೆ ಬೆರೆತ ಮಾಲ್ಟ್ ಪುಡಿಗಳನ್ನು ಬಿಡಬೇಕು. ಇವುಗಳಲ್ಲಿ ಅತಿ ಕೆಟ್ಟದ್ದು ಸಿಹಿಯಾದ ಪಾನೀಯ, ಏಕೆಂದರೆ ಅದನ್ನು ತಡೆದು ನಿಲ್ಲಿಸುವ ಯಾವುದೂ ಇಲ್ಲ. "ಶಕ್ತಿ ಬರಲಿ" ಎಂದು ನೋಡಲು ಬಂದವರು ತರುವ ಗ್ಲೂಕೋಸ್ ನೀರು, ಮೋಸಂಬಿ ರಸ ಈಗ ಶಕ್ತಿಯನ್ನು ಕಳೆಯುತ್ತವೆ. ಎಳನೀರಿನಲ್ಲೂ ಸಕ್ಕರೆ ಇದೆ. ಬೇಕಿದ್ದರೆ ಊಟಗಳ ನಡುವೆ ಕಾಲು ಲೋಟ ಕುಡಿದು ನೋಡಿ.

ದೇವಸ್ಥಾನದ ಪ್ರಸಾದವನ್ನು ನಿರಾಕರಿಸಲು ಮನಸ್ಸು ಒಪ್ಪದಿದ್ದರೆ ಕಾಳಿನಷ್ಟು ಬಾಯಿಗೆ ಹಾಕಿಕೊಳ್ಳಿ, ಅಷ್ಟರಿಂದ ಏನೂ ಆಗದು. ಹಣ್ಣನ್ನು ರಸ ಮಾಡದೆ ಹೋಳಾಗಿ, ಊಟದ ಕೊನೆಯಲ್ಲಿ ಸ್ವಲ್ಪವೇ ತಿನ್ನಿ. ಮಾವು, ಹಲಸು, ದ್ರಾಕ್ಷಿ, ಚೆನ್ನಾಗಿ ಕಳಿತ ಬಾಳೆಹಣ್ಣು ಸದ್ಯಕ್ಕೆ ಬೇಡ. ಸಿಹಿ ಸೇರಿಸಿದ ಕೆಮ್ಮಿನ ಸಿರಪ್, ಟಾನಿಕ್‌ಗಳೂ ತೊಂದರೆ ಕೊಡಬಹುದು, ಔಷಧದಂಗಡಿಯಲ್ಲಿ ಮಾತ್ರೆಯ ರೂಪದಲ್ಲಿ ಸಿಗುತ್ತದೆಯೇ ಎಂದು ಕೇಳಿ. "ಸಕ್ಕರೆ ರಹಿತ" ಎಂದು ಬರೆದ ಮಿಠಾಯಿಯಲ್ಲಿ ಸಾರ್ಬಿಟಾಲ್ ಇದ್ದರೆ ಅದರಿಂದಲೂ ಭೇದಿಯಾಗುತ್ತದೆ. ಹಾಲು ಕುಡಿದಾಗಲೆಲ್ಲ ಹೊಟ್ಟೆ ಗುಡುಗುಡು ಎಂದರೆ ಕೆಲವು ವಾರ ಹಾಲು ಬಿಟ್ಟು ಮೊಸರಿನಲ್ಲಿ ಮುಂದುವರಿಯಿರಿ. ಮದ್ಯ ಬೇಡ.

ತೊಂದರೆ ಬಂದಾಗ

ಊಟದ ಬೆನ್ನಿಗೇ ತಲೆಸುತ್ತು, ಎದೆ ಡವಗುಟ್ಟುವುದು ಶುರುವಾದರೆ ತಕ್ಷಣ ಒರಗಿಕೊಳ್ಳಿ, ಅರ್ಧ ಗಂಟೆ ವಿಶ್ರಾಂತಿ ತೆಗೆದುಕೊಳ್ಳಿ. ಅನ್ನನಾಳದ ಶಸ್ತ್ರಚಿಕಿತ್ಸೆ ಆದವರು ಮತ್ತು ಇಡೀ ಜಠರ ತೆಗೆದವರು ಪೂರ್ತಿ ಚಪ್ಪಟೆ ಮಲಗಬಾರದು, ತಲೆ ಮತ್ತು ಬೆನ್ನಿಗೆ ದಿಂಬು ಕೊಟ್ಟು ಎತ್ತರಿಸಿಕೊಳ್ಳಿ.

ಊಟವಾಗಿ ಒಂದರಿಂದ ಮೂರು ಗಂಟೆಯ ನಂತರ ನಡುಕ, ಬೆವರು, ಮಂಕು ಬಂದರೆ ಅದು ಸಕ್ಕರೆ ಕುಸಿದ ಸೂಚನೆ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ನೋಡಿ. 70 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ, ಅಥವಾ ನೋಡಲು ಉಪಕರಣವೇ ಇಲ್ಲದಿದ್ದರೆ, ಎರಡರಿಂದ ಮೂರು ಟೀ ಚಮಚ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿಯಿರಿ. ಸಿಹಿ ಬೇಡ ಎಂದ ನಾವೇ ಸಿಹಿ ಕೊಡಿ ಎನ್ನುವ ಒಂದೇ ಸಂದರ್ಭ ಇದು. ಹದಿನೈದು ನಿಮಿಷದಲ್ಲಿ ಚೇತರಿಸಿಕೊಂಡ ಮೇಲೆ ಅರ್ಧ ಚಪಾತಿ ಮತ್ತು ಒಂದು ಮೊಟ್ಟೆ ಅಥವಾ ಶೇಂಗಾ ತಿನ್ನಿ, ಇಲ್ಲವಾದರೆ ಸಕ್ಕರೆ ಮತ್ತೆ ಕುಸಿಯುತ್ತದೆ. ವೈದ್ಯರು ಅಕಾರ್ಬೋಸ್ ಮಾತ್ರೆ ಬರೆದಿದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಿ. ಹೀಗೆ ಪದೇಪದೇ ಆಗುತ್ತಿರುವವರು ವೈದ್ಯರು ಒಪ್ಪುವವರೆಗೆ ವಾಹನ ಓಡಿಸಬೇಡಿ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ನೀವಾಗಿಯೇ ಬದಲಿಸದೆ ಅದೇ ದಿನ ಫೋನ್ ಮಾಡಿ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಎದೆನೋವು, ರಕ್ತವಾಂತಿ, ಕಪ್ಪು ಮಲ, ಜ್ವರದ ಜೊತೆ ತೀವ್ರ ಹೊಟ್ಟೆನೋವು, ನೀರೂ ನಿಲ್ಲದ ವಾಂತಿ ಇವು ಡಂಪಿಂಗ್ ಅಲ್ಲ. ಕಾಯದೆ ತುರ್ತು ವಿಭಾಗಕ್ಕೆ ಬನ್ನಿ.

ಮುಂದಿನ ಭೇಟಿಗೆ

ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಊಟದ ಸಮಯ, ತಿಂದದ್ದು, ನೀರು ಕುಡಿದ ಹೊತ್ತು, ಬಂದ ತೊಂದರೆ ಮತ್ತು ಅದರ ಸಮಯವನ್ನು ಬರೆದು ತನ್ನಿ. ವಾರಕ್ಕೊಮ್ಮೆ ಒಂದೇ ತೂಕದ ಯಂತ್ರದಲ್ಲಿ ತೂಕ ನೋಡಿ ಅದನ್ನೂ ಬರೆಯಿರಿ. ಎರಡು ವಾರ ಈ ಕ್ರಮವನ್ನು ಬಿಗಿಯಾಗಿ ಪಾಲಿಸಿದರೂ ತೊಂದರೆ ತಗ್ಗದಿದ್ದರೆ, ಅಥವಾ ತೂಕ ಇಳಿಯುತ್ತಲೇ ಇದ್ದರೆ, ನಿಗದಿಯಾದ ದಿನಕ್ಕೆ ಕಾಯಬೇಡಿ. ಆಹಾರಕ್ರಮ ಸಾಲದವರಿಗೆ ಮಾತ್ರೆ ಮತ್ತು ಚುಚ್ಚುಮದ್ದಿನ ಚಿಕಿತ್ಸೆ ಇದೆ. ಜಠರ ತೆಗೆದವರಿಗೆ ಬರೆದುಕೊಟ್ಟಿರುವ ವಿಟಮಿನ್ ಬಿ12 ಚುಚ್ಚುಮದ್ದು ಮತ್ತು ಕಬ್ಬಿಣದ ಮಾತ್ರೆಗಳನ್ನು ತೊಂದರೆ ಕಡಿಮೆಯಾಯಿತೆಂದು ನಿಲ್ಲಿಸಬೇಡಿ. ಅಡುಗೆ ಮಾಡುವವರನ್ನು ಭೇಟಿಗೆ ಜೊತೆಯಲ್ಲೇ ಕರೆತನ್ನಿ, ಅವರ ಪ್ರಶ್ನೆಗಳಿಗೆ ಉತ್ತರಿಸಲೆಂದೇ ಪಥ್ಯಾಹಾರ ವಿಭಾಗ ಹೊರರೋಗಿ ವಿಭಾಗದ ಪಕ್ಕದಲ್ಲಿ ತೆರೆದಿರುತ್ತದೆ.