ನೀವು ಕಳುಹಿಸಿದ ದಂಡದ ನೋಟಿಸಿನ ಬಗ್ಗೆ

ಅಕ್ಕಾ, ನಮಸ್ಕಾರ.

ನೀವು ಕಳುಹಿಸಿದ ಫೋಟೊ ಮಂಗಳೂರು ನಗರ ಸಂಚಾರ ಪೊಲೀಸರ ಹೆಸರಿನಲ್ಲಿರುವ ದಂಡದ ನೋಟಿಸಿನದು. ನಿಮ್ಮ ಹೆಸರಿನ ಕೆಎ 19 ಸ್ಕೂಟರು ನಂತೂರು ವೃತ್ತವನ್ನು ದಾಟುವಾಗ ಹಿಂಬದಿ ಸವಾರರು ಹೆಲ್ಮೆಟ್ ಧರಿಸಿರಲಿಲ್ಲ, ಆದ್ದರಿಂದ 500 ರೂಪಾಯಿ ಕಟ್ಟಬೇಕು ಎಂಬುದು ಅದರ ಸಾರ. ಮೊತ್ತದಲ್ಲಿ ಅನುಮಾನಪಡುವಂಥದ್ದು ಏನೂ ಇಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಈ ತಪ್ಪಿಗೆ 1,000 ರೂಪಾಯಿ ದಂಡವಿದ್ದರೂ, ಅದೇ ವರ್ಷ ನಮ್ಮ ರಾಜ್ಯ ಸರಕಾರ ಪೊಲೀಸರಿಗೆ ಕಟ್ಟಿ ಮುಗಿಸಿಕೊಳ್ಳುವ ಮೊತ್ತವನ್ನು 500ಕ್ಕೆ ಇಳಿಸಿತು.

ಏನು ಮಾಡಲಿ ಎಂದಷ್ಟೇ ಕೇಳಿದ್ದೀರಿ. ಹಣ ಕಟ್ಟುವ ಮೊದಲು, ನೋಟಿಸಿನಲ್ಲಿ ಅಚ್ಚಾಗಿರುವ ಚಿತ್ರವನ್ನು ಬೆಳಕಿನಲ್ಲಿ ಹಿಡಿದು ನೋಡಿ. ನಂಬರ್ ಪ್ಲೇಟಿನ ಅಂಕಿಗಳು, ಸ್ಕೂಟರಿನ ಬಣ್ಣ ಮತ್ತು ಮಾದರಿ ನಿಮ್ಮದರೊಂದಿಗೆ ತಾಳೆಯಾಗುತ್ತವೆಯೇ, ಆ ದಿನ ಆ ಹೊತ್ತಿಗೆ ಸ್ಕೂಟರು ಆ ಕಡೆ ಹೋಗಿತ್ತೇ ಎಂಬುದು ನಿಮ್ಮ ಮನೆಯವರಿಗಷ್ಟೇ ಗೊತ್ತಿರುವ ವಿಷಯ. ನೀವು ಕಳುಹಿಸಿದ ಫೋಟೊದಲ್ಲಿ ಕೊನೆಯ ಅಂಕಿ 3 ಇರಬಹುದು, 8 ಕೂಡ ಇರಬಹುದು.

ಎಲ್ಲವೂ ಸರಿಯಿದ್ದರೆ ಕಟ್ಟಿಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಂಗಳೂರು ಒನ್ ಕೇಂದ್ರದಲ್ಲಿ ಅಥವಾ ಸಂಚಾರ ಠಾಣೆಯಲ್ಲಿ ವಾಹನದ ಸಂಖ್ಯೆ ಹೇಳಿದರೆ ಬಾಕಿಯಿರುವ ದಂಡಗಳೆಲ್ಲವೂ ಕಾಣುತ್ತವೆ, ನೋಟಿಸು ಅಸಲಿಯೇ ಎಂಬುದೂ ಅಲ್ಲೇ ತಿಳಿಯುತ್ತದೆ. ರಸೀದಿಯನ್ನು ಜೋಪಾನವಾಗಿಡಿ. ಇದೇ ವಿಷಯಕ್ಕೆ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಅಥವಾ ಎಪಿಕೆ ಫೈಲ್ ಬಂದರೆ ಮಾತ್ರ ಮುಟ್ಟಲೇಬೇಡಿ. ದಂಡದ ಹೆಸರಿನಲ್ಲಿ ಹಾಗೆ ಖಾತೆಯ ಹಣ ಲಪಟಾಯಿಸುವವರಿದ್ದಾರೆ. ಸರಕಾರಿ ಜಾಲತಾಣದ ವಿಳಾಸ ಸಾಮಾನ್ಯವಾಗಿ gov.in ಎಂದು ಮುಗಿಯುತ್ತದೆ.

ಚಿತ್ರದಲ್ಲಿರುವುದು ನಿಮ್ಮ ಸ್ಕೂಟರು ಅಲ್ಲವೆಂದಾದರೆ, ಆರ್‌ಸಿಯ ಪ್ರತಿ, ನಿಮ್ಮ ಸ್ಕೂಟರಿನ ಫೋಟೊ ಮತ್ತು ಈ ನೋಟಿಸನ್ನು ಜೊತೆಗಿಟ್ಟು ನೋಟಿಸು ಕಳುಹಿಸಿದ ಠಾಣೆಗೆ ಲಿಖಿತ ಆಕ್ಷೇಪ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಹಣ ಕಟ್ಟಿದ ಮೇಲೆ ಆಕ್ಷೇಪಕ್ಕೆ ಬಲವಿರುವುದಿಲ್ಲ. ಸ್ಕೂಟರು ನಿಮ್ಮದೇ ಆಗಿದ್ದು ಬೇರೆಯವರು ಓಡಿಸಿದ್ದರೆ, ಪೊಲೀಸರು ಕೇಳಿದಾಗ ಓಡಿಸಿದವರ ವಿವರ ಕೊಡುವುದು ಮಾಲೀಕರ ಕರ್ತವ್ಯವೆಂದು ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಮನೆಯ ಮಕ್ಕಳೇ ಹೋಗಿದ್ದರೆ ಅಷ್ಟು ದೂರ ಎಳೆಯುವ ಅಗತ್ಯವಿಲ್ಲ, 500 ರೂಪಾಯಿ ಅವರಿಂದಲೇ ವಸೂಲಿ ಮಾಡಿ.

ತಪ್ಪನ್ನು ಒಪ್ಪದೆ ನ್ಯಾಯಾಲಯದಲ್ಲಿ ವಾದಿಸುವ ಹಕ್ಕೂ ನಿಮಗಿದೆ; ಆದರೆ ಚಿತ್ರ ಸ್ಪಷ್ಟವಾಗಿರುವಾಗ ಅದರಿಂದ ಲಾಭವಿಲ್ಲ. ಸರಕಾರ 2023ರಲ್ಲಿ ಮತ್ತು 2025ರಲ್ಲಿ ಹಳೆಯ ದಂಡಗಳಿಗೆ ಅರ್ಧ ರಿಯಾಯಿತಿ ಕೊಟ್ಟಿದ್ದುಂಟು, ಹಾಗೆಂದು ಮುಂದಿನ ರಿಯಾಯಿತಿಗಾಗಿ ಕಾಯುತ್ತ ಕೂತರೆ ಪ್ರಕರಣ ನ್ಯಾಯಾಲಯಕ್ಕೆ ಹೋಗಬಹುದು.

ನೀವು ಕಳುಹಿಸಿದ ಫೋಟೊದಲ್ಲಿ ನೋಟಿಸಿನ ಕೆಳಗಿನ ಎರಡು ಮೂರು ಸಾಲುಗಳು ಕತ್ತರಿಸಿಹೋಗಿವೆ. ಕಟ್ಟಲು ಕೊಟ್ಟಿರುವ ಗಡುವು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆ ಭಾಗದ ಇನ್ನೊಂದು ಫೋಟೊ ತೆಗೆದು ಇವತ್ತೇ ಕಳುಹಿಸಿ.