ಒಪ್ಪಂದಕ್ಕೆ ಹೊಂದದ ಎಲ್‌ಸಿ ಷರತ್ತುಗಳ ತಿದ್ದುಪಡಿಗೆ ಕೋರಿಕೆ

ದಿನಾಂಕ: 2025ರ ಜನವರಿ 27

ಗೆ,
ನಿರ್ದೇಶಕರು, ಖರೀದಿ ವಿಭಾಗ

ವಿಷಯ: ಮಾರಾಟ ಒಪ್ಪಂದ ಸಂಖ್ಯೆ 118/2024 (2024ರ ಡಿಸೆಂಬರ್ 12) – 48,000 ಹತ್ತಿ ಟವೆಲ್‌ಗಳು – ಎಲ್‌ಸಿ ಸಂಖ್ಯೆ 25/00417, ಮೊತ್ತ 1,12,800 ಅಮೆರಿಕನ್ ಡಾಲರ್

ಮಾನ್ಯರೇ,

ತಮ್ಮ ಬ್ಯಾಂಕು ಜನವರಿ 20ರಂದು ತೆರೆದ ಎಲ್‌ಸಿ ಶುಕ್ರವಾರ, ಜನವರಿ 24ರಂದು ನಮ್ಮ ಬ್ಯಾಂಕಿನ ಮೂಲಕ ನಮ್ಮ ಕೈಸೇರಿತು. ಅದಕ್ಕಾಗಿ ಧನ್ಯವಾದಗಳು. ಅದನ್ನು ಒಪ್ಪಂದದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ ನೋಡಿದೆವು. ಮೊತ್ತ, ಬಿಡಿ ದರ, ಎರಡೂ ಬಂದರುಗಳ ಹೆಸರು ಮತ್ತು ನಮ್ಮ ವಿಳಾಸ ಸರಿಯಾಗಿವೆ. ಆದರೆ ಉಳಿದ ಕೆಲವು ಷರತ್ತುಗಳು ನಾವಿಬ್ಬರೂ ಸಹಿ ಹಾಕಿದ ಒಪ್ಪಂದಕ್ಕಿಂತ ಬೇರೆಯಾಗಿರುವುದರಿಂದ, ಈಗಿರುವ ರೂಪದಲ್ಲಿ ಈ ಎಲ್‌ಸಿಯ ಆಧಾರದ ಮೇಲೆ ಸರಕು ಕಳಿಸುವುದು ನಮಗೆ ಸಾಧ್ಯವಾಗುತ್ತಿಲ್ಲ. ಅವನ್ನು ಕೆಳಗೆ ವಿವರಿಸಿದ್ದು, ತಿದ್ದುಪಡಿ ಮಾಡಿಸಿಕೊಡಬೇಕೆಂದು ಕೋರುತ್ತೇವೆ.

ಮೊದಲನೆಯದು ಸರಕಿನ ವಿವರಣೆ. ಒಪ್ಪಂದದಲ್ಲಿ ಟವೆಲಿನ ತೂಕ ಚದರ ಮೀಟರಿಗೆ 450 ಗ್ರಾಂ. ಎಲ್‌ಸಿಯ 45A ಅಂಕಣದಲ್ಲಿ ಅದು 540 ಗ್ರಾಂ ಆಗಿದೆ. ಬೆರಳಚ್ಚು ಮಾಡುವಾಗ ಎರಡು ಅಂಕಿಗಳು ಹಿಂದುಮುಂದಾಗಿರುವುದು ಸ್ಪಷ್ಟ. ಆದರೆ ಯುಸಿಪಿ 600ರ 18ನೇ ವಿಧಿಯ ಪ್ರಕಾರ ಇನ್‌ವಾಯ್ಸ್‌ನಲ್ಲಿರುವ ಸರಕಿನ ವಿವರಣೆ ಎಲ್‌ಸಿಯಲ್ಲಿರುವ ವಿವರಣೆಗೆ ಹೊಂದಲೇಬೇಕು. ನಾವು 450 ಎಂದು ಬರೆದರೆ ಬ್ಯಾಂಕು ದಾಖಲೆ ತಿರಸ್ಕರಿಸುತ್ತದೆ, 540 ಎಂದು ಬರೆದರೆ ಕಳಿಸಿದ ಮಾಲಿನ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ. ಇದನ್ನು 450 ಎಂದು ತಿದ್ದಿಸಿಕೊಡಬೇಕು.

ಎರಡನೆಯದು ಸಾಗಣೆ ವೆಚ್ಚ ಮತ್ತು ವಿಮೆ. ಒಪ್ಪಂದದ 4ನೇ ಕಲಮಿನಂತೆ ಈ ಮಾರಾಟ ಇನ್‌ಕೋಟರ್ಮ್ಸ್ 2020ರ ಎಫ್‌ಒಬಿ ಆಧಾರದ್ದು: ಹಡಗಿನ ಬಾಡಿಗೆ ಕೊಡುವವರು ತಾವು, ವಿಮೆ ಮಾಡಿಸಿದರೆ ಅದೂ ತಮ್ಮದೇ. ಆದರೆ 46A ಅಂಕಣ, ಬಾಡಿಗೆ ಮುಂಗಡವಾಗಿ ಪಾವತಿಯಾಗಿದೆ ಎಂದು ನಮೂದಿಸಿದ ಬಿಲ್ ಆಫ್ ಲೇಡಿಂಗ್ ಅನ್ನೂ ಸರಕಿನ ಮೌಲ್ಯದ ಶೇಕಡ 110ಕ್ಕೆ ವಿಮಾ ಪಾಲಿಸಿಯನ್ನೂ ನಮ್ಮಿಂದ ಕೇಳುತ್ತದೆ. ಹಿಂದಿನ ಯಾವುದೋ ಸಿಐಎಫ್ ಖರೀದಿಯ ಅರ್ಜಿಯನ್ನೇ ಮಾದರಿಯಾಗಿ ಇಟ್ಟುಕೊಂಡು ಈ ಅರ್ಜಿಯನ್ನು ತುಂಬಿದಂತೆ ನಮಗೆ ಕಾಣುತ್ತದೆ. ಒಂದು ಟವೆಲಿಗೆ 2.35 ಡಾಲರ್ ಎಂಬ ದರದಲ್ಲಿ ಹಡಗಿನ ಬಾಡಿಗೆಯಾಗಲಿ ವಿಮಾ ಕಂತಾಗಲಿ ಸೇರಿಲ್ಲ. ಆದ್ದರಿಂದ ವಿಮಾ ಪಾಲಿಸಿಯ ಷರತ್ತನ್ನು ತೆಗೆದುಹಾಕಿಸಿ, ಬಿಲ್ ಆಫ್ ಲೇಡಿಂಗ್‌ನಲ್ಲಿ ಬಾಡಿಗೆಯನ್ನು ತಲುಪುವ ಬಂದರಿನಲ್ಲಿ ವಸೂಲು ಮಾಡುವುದೆಂದು ನಮೂದಾಗುವಂತೆ ಬದಲಾಯಿಸಬೇಕು.

ಮೂರನೆಯದೇ ನಮಗೆ ಅತಿ ಹೆಚ್ಚು ಆತಂಕ ತಂದ ಷರತ್ತು. ರವಾನೆಗೆ ಮುಂಚೆ ತಮ್ಮ ಪ್ರತಿನಿಧಿ ಸರಕನ್ನು ಪರೀಕ್ಷಿಸಿ ಸಹಿ ಮಾಡಿದ ಪ್ರಮಾಣಪತ್ರ ಬೇಕು, ಆ ಸಹಿ ತಮ್ಮ ಬ್ಯಾಂಕಿನ ಕಡತದಲ್ಲಿರುವ ಮಾದರಿ ಸಹಿಗೆ ಹೊಂದಬೇಕು ಎಂದು 47A ಅಂಕಣ ಹೇಳುತ್ತದೆ. ಆ ಮಾದರಿ ಸಹಿಯನ್ನು ನಾವು ನೋಡಿಲ್ಲ, ನೋಡುವ ದಾರಿಯೂ ಇಲ್ಲ. ಪ್ರತಿನಿಧಿಯವರು ಯಾವುದೇ ಕಾರಣಕ್ಕೆ ಬರಲಾಗದಿದ್ದರೆ, ಮಾಲು ಸಂಪೂರ್ಣ ಸರಿಯಾಗಿದ್ದರೂ ನಮ್ಮ ಬಳಿ ಹಣ ಪಡೆಯುವ ದಾಖಲೆಯೇ ಇರುವುದಿಲ್ಲ. ತಮ್ಮ ಪ್ರಾಮಾಣಿಕತೆಯ ಬಗ್ಗೆ ನಮಗೆ ಲವಲೇಶವೂ ಸಂಶಯವಿಲ್ಲ. ಆದರೆ ಪಾವತಿಯ ಕೀಲಿ ಖರೀದಿದಾರರ ಕೈಯಲ್ಲೇ ಉಳಿಯುವ ಎಲ್‌ಸಿಯನ್ನು ಭದ್ರತೆಯೆಂದು ನಮ್ಮ ಬ್ಯಾಂಕು ಒಪ್ಪುವುದಿಲ್ಲ, ಮತ್ತು ಸರಕು ತಯಾರಿಕೆಗೆ ಅದು ಕೊಡಬೇಕಾದ ಸಾಲವೂ ಇದರಿಂದ ನಿಂತಿದೆ. ಒಪ್ಪಂದದ 7ನೇ ಕಲಮಿನಲ್ಲಿ ಇಬ್ಬರಿಗೂ ಒಪ್ಪಿತವಾದ ಸ್ವತಂತ್ರ ತಪಾಸಣಾ ಸಂಸ್ಥೆಯ ಪ್ರಮಾಣಪತ್ರ ಸಾಕೆಂದಿದೆ. ಎಲ್‌ಸಿಯಲ್ಲಿಯೂ ಅದೇ ಬರಬೇಕು. ತಮ್ಮ ಪ್ರತಿನಿಧಿ ಬಂದು ನೋಡುವುದಾದರೆ ಅವರಿಗೆ ಸ್ವಾಗತವಿದೆ. ಅವರ ಸಹಿ ಮಾತ್ರ ಪಾವತಿಯ ಷರತ್ತಾಗಬಾರದು.

ಇನ್ನು ದಿನಾಂಕಗಳು. ಒಪ್ಪಂದದಂತೆ ರವಾನೆಗೆ ಕೊನೆಯ ದಿನ ಮಾರ್ಚ್ 31. ಎಲ್‌ಸಿಯಲ್ಲಿ ಮಾರ್ಚ್ 10. ದಾಖಲೆ ಸಲ್ಲಿಸಲು ಒಪ್ಪಂದ 21 ದಿನ ಕೊಟ್ಟರೆ ಎಲ್‌ಸಿ 7 ದಿನ ಕೊಟ್ಟಿದೆ. ಎಲ್‌ಸಿ ಮಾರ್ಚ್ 17ಕ್ಕೆ ತಮ್ಮ ಬ್ಯಾಂಕಿನ ಕೌಂಟರಿನಲ್ಲಿ ಮುಗಿಯುತ್ತದೆ. ಅಂದರೆ ಹಡಗು ಹೊರಟ ಮೇಲೆ ಬಿಲ್ ಆಫ್ ಲೇಡಿಂಗ್ ಪಡೆದು, ಇತರ ದಾಖಲೆಗಳನ್ನು ಸೇರಿಸಿ, ಕೊರಿಯರ್ ಮೂಲಕ ತಮ್ಮ ದೇಶಕ್ಕೆ ತಲುಪಿಸುವುದೂ ಆ ಏಳು ದಿನಗಳ ಒಳಗೇ ಆಗಬೇಕು. ದಾರಿಯಲ್ಲಿ ತಡವಾದರೆ ಅದರ ಹೊಣೆಯೂ ನಮ್ಮದೇ ಆಗುತ್ತದೆ. ದಯವಿಟ್ಟು 44C ಅಂಕಣವನ್ನು 2025ರ ಮಾರ್ಚ್ 31 ಎಂದೂ, 48ನೇ ಅಂಕಣವನ್ನು 21 ದಿನ ಎಂದೂ, 31D ಅಂಕಣವನ್ನು 2025ರ ಏಪ್ರಿಲ್ 21, ನಮ್ಮ ದೇಶದಲ್ಲಿ ಎಂದೂ ತಿದ್ದಿಸಬೇಕು.

ಸರಕನ್ನು 24,000ದಂತೆ ಎರಡು ಕಂತಿನಲ್ಲಿ ಕಳಿಸುವುದಕ್ಕೆ ತಾವೇ ಸೂಚಿಸಿದ್ದಿರಿ, ಆದರೆ 43P ಅಂಕಣ ಭಾಗಶಃ ರವಾನೆಯನ್ನು ನಿಷೇಧಿಸುತ್ತದೆ. ಅದಕ್ಕೆ ಅನುಮತಿ ಬೇಕು. ಪ್ರಮಾಣದಲ್ಲಿಯೂ ಮೊತ್ತದಲ್ಲಿಯೂ ಶೇಕಡ 5ರಷ್ಟು ಹೆಚ್ಚುಕಡಿಮೆಗೆ ಒಪ್ಪಂದದಲ್ಲಿರುವ ಅವಕಾಶ ಎಲ್‌ಸಿಯಲ್ಲಿ ಇಲ್ಲ. ಯುಸಿಪಿಯ 30ನೇ ವಿಧಿ ತಾನಾಗಿಯೇ ಕೊಡುವ ಶೇಕಡ 5ರ ರಿಯಾಯಿತಿ ಬಿಡಿ ಎಣಿಕೆಯ ಸರಕಿಗೆ ಅನ್ವಯಿಸದ ಕಾರಣ ಇದನ್ನು ಸ್ಪಷ್ಟವಾಗಿ ಬರೆಸಬೇಕು. ತಮ್ಮ ಬ್ಯಾಂಕಿನ ಶುಲ್ಕವನ್ನೂ ನಮ್ಮ ಮೇಲೆ ಹಾಕಿರುವ 71D ಅಂಕಣವನ್ನು, ತಮ್ಮ ದೇಶದ ಹೊರಗಿನ ಶುಲ್ಕ ಮಾತ್ರ ನಮ್ಮದು ಎಂದು ಒಪ್ಪಂದದಂತೆ ಬದಲಿಸಬೇಕು.

ವ್ಯತ್ಯಾಸಗಳಿದ್ದರೂ ದಾಖಲೆಗಳನ್ನು ಕಳಿಸಿ, ನಾವು ಒಪ್ಪಿಕೊಳ್ಳುತ್ತೇವೆ ಎಂದು ತಾವು ಶನಿವಾರ ಬರೆದ ಇಮೇಲ್ ತಲುಪಿತು. ಆ ಸದ್ಭಾವಕ್ಕೆ ಕೃತಜ್ಞರು. ಆದರೆ ಯುಸಿಪಿಯ 4 ಮತ್ತು 5ನೇ ವಿಧಿಗಳಂತೆ ಬ್ಯಾಂಕಿಗೆ ನಮ್ಮ ಒಪ್ಪಂದದ ಸಂಬಂಧವಿಲ್ಲ. ಅದು ನೋಡುವುದು ದಾಖಲೆಗಳನ್ನು ಮಾತ್ರ. ವ್ಯತ್ಯಾಸ ಕಂಡಾಗ ತಮ್ಮನ್ನು ಕೇಳಬೇಕೋ ಬೇಡವೋ ಎಂಬುದೂ 16ನೇ ವಿಧಿಯಂತೆ ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು. ಹಾಗಾದಾಗ ಸರಕು ಸಮುದ್ರದ ಮೇಲಿದ್ದು, ಬ್ಯಾಂಕಿನ ಪಾವತಿ ಖಾತರಿ ಮಾತ್ರ ನಮ್ಮ ಕೈತಪ್ಪಿರುತ್ತದೆ. ಆದ್ದರಿಂದ ಆ ಭರವಸೆಯ ಮೇಲೆ ಸರಕು ಹೇರಲು ನಾವು ಸಿದ್ಧರಿಲ್ಲ ಎಂದು ನೇರವಾಗಿ ಹೇಳುವುದೇ ಒಳ್ಳೆಯದು.

ಮೇಲಿನ ಎಲ್ಲವನ್ನೂ ಒಂದೇ ತಿದ್ದುಪಡಿಯಲ್ಲಿ ಸೇರಿಸಬೇಕೆಂದು ವಿಶೇಷವಾಗಿ ಕೋರುತ್ತೇವೆ. ಒಂದು ತಿದ್ದುಪಡಿಯ ಅರ್ಧವನ್ನು ಒಪ್ಪಿ ಅರ್ಧವನ್ನು ಬಿಡುವುದಕ್ಕೆ 10ನೇ ವಿಧಿಯಲ್ಲಿ ಅವಕಾಶವಿಲ್ಲವಾದ್ದರಿಂದ, ತಮ್ಮ ಬ್ಯಾಂಕು MT707 ಸಂದೇಶ ಕಳಿಸುವ ಮುಂಚೆ ಅದರ ಕರಡನ್ನು ನಮಗೆ ಇಮೇಲ್ ಮಾಡಿದರೆ ಅದೇ ದಿನ ನೋಡಿ ಉತ್ತರಿಸುತ್ತೇವೆ. ತಿದ್ದುಪಡಿಯ ಶುಲ್ಕವನ್ನು ಒಪ್ಪಂದದ 9ನೇ ಕಲಮಿನಂತೆ ತಾವು ಭರಿಸಬೇಕಾಗುತ್ತದೆ.

ತಿದ್ದುಪಡಿ ಫೆಬ್ರುವರಿ 5ರೊಳಗೆ ನಮ್ಮ ಬ್ಯಾಂಕಿಗೆ ಬಂದರೆ ಎರಡೂ ಕಂತುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತವೆ. ನೇಯ್ಗೆಯನ್ನು ನಾವು ನಿಲ್ಲಿಸಿಲ್ಲ. ಆದರೆ ತಮ್ಮ ಬ್ರ್ಯಾಂಡಿನ ಲೇಬಲ್ ಹೊಲಿದ ಟವೆಲನ್ನು ಬೇರೆ ಯಾರಿಗೂ ಮಾರುವಂತಿಲ್ಲವಾದ್ದರಿಂದ, ಲೇಬಲ್ ಹೊಲಿಯುವ ಕೆಲಸವನ್ನು ತಿದ್ದುಪಡಿ ಬರುವವರೆಗೆ ತಡೆಹಿಡಿದಿದ್ದೇವೆ. ಫೆಬ್ರುವರಿ 5ರ ನಂತರ ಎಷ್ಟು ದಿನ ತಡವಾಗುತ್ತದೋ ಅಷ್ಟೇ ದಿನ ರವಾನೆಯ ಕೊನೆಯ ದಿನವನ್ನೂ ಮುಂದೂಡಬೇಕಾಗುತ್ತದೆ. ಅಲ್ಲಿಯವರೆಗೆ ಈ ಪತ್ರವನ್ನು ಎಲ್‌ಸಿಯ ಈಗಿನ ಷರತ್ತುಗಳಿಗೆ ನಮ್ಮ ಒಪ್ಪಿಗೆ ಎಂದು ಭಾವಿಸಬಾರದಾಗಿ ವಿನಂತಿ.

ಅರ್ಜಿ ಸಲ್ಲಿಸಿದ ಕೂಡಲೇ ಒಂದು ಸಾಲು ತಿಳಿಸಿದರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಮುಖ್ಯಸ್ಥರು, ರಫ್ತು ವಿಭಾಗ

ಲಗತ್ತುಗಳು: ಒಪ್ಪಂದದ 4, 7 ಮತ್ತು 9ನೇ ಕಲಮುಗಳಿರುವ ಪುಟಗಳ ಪ್ರತಿ, ತಿದ್ದಬೇಕಾದ ಅಂಕಣಗಳನ್ನು ಗುರುತು ಮಾಡಿದ ಎಲ್‌ಸಿಯ ಪ್ರತಿ