ಪ್ರಾಸ್ಪೆಕ್ಟಸ್ ಮುಖಪುಟದ ಹಳೆಯ ಲಾಂಛನ ಬದಲಿಸುವ ಕುರಿತು

ದಿನಾಂಕ: 12 ಜನವರಿ 2026

ಮಾನ್ಯರೇ,

ತಾವು ಶುಕ್ರವಾರ ಕಳುಹಿಸಿದ ಮುಖಪುಟದ ಕರಡು ತಲುಪಿದೆ. ಓದುತ್ತಿರುವ ಮಕ್ಕಳ ಚಿತ್ರವನ್ನು ಕೆಳಕ್ಕೆ ಸರಿಸಿ ಮೇಲೆ ನೀಲಿ ಆಕಾಶಕ್ಕೆ ಜಾಗ ಬಿಟ್ಟಿರುವುದು ನನಗೆ ಬಹಳ ಹಿಡಿಸಿತು. ಅದು ಹಾಗೆಯೇ ಇರಲಿ. ಬದಲಾಗಬೇಕಾದದ್ದು ಆ ಆಕಾಶದಲ್ಲಿರುವ ಲಾಂಛನ ಮಾತ್ರ. ತಪ್ಪು ತಮ್ಮದಲ್ಲ, ನಮ್ಮ ಕಚೇರಿಯಿಂದಲೇ ಹಳೆಯ ಕಡತ ಬಂದಿತ್ತು.

ಹಳೆಯ ಲಾಂಛನದ ಅಂಚಿನಲ್ಲಿ ‘ಪ್ರಾಥಮಿಕ ಶಾಲೆ’ ಎಂದಷ್ಟೇ ಇದೆ. ಪ್ರೌಢಶಾಲೆ ಆರಂಭವಾದ ಮೇಲೂ ನಾವು ಅದನ್ನೇ ಬಳಸುತ್ತ ಬಂದೆವು. ಕಳೆದ ವರ್ಷ ಮಗಳನ್ನು 8ನೇ ತರಗತಿಗೆ ಸೇರಿಸಲು ಬಂದಿದ್ದ ತಾಯಿಯೊಬ್ಬರು ಪುಸ್ತಿಕೆಯ ಮುಖಪುಟ ನೋಡಿ, ಒಳಗೆ ವಿಚಾರಿಸದೆ ಹೊರಟು ನಿಂತಿದ್ದರು. ಕಾವಲುಗಾರರು ತಡೆದು ಹೇಳಿದ್ದರಿಂದ ಆ ಹುಡುಗಿ ಇಂದು ನಮ್ಮಲ್ಲಿ ಓದುತ್ತಿದ್ದಾಳೆ. ಹೀಗೆ ಮರಳಿ ಹೋದವರು ಇನ್ನೆಷ್ಟು ಮಂದಿಯೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಹೊಸ ಲಾಂಛನದ ಎರಡು ಕಡತಗಳನ್ನು ಲಗತ್ತಿಸಿದ್ದೇನೆ: lanchana_2026.svg ಬಣ್ಣದ್ದು, lanchana_2026_bili.svg ಪೂರ್ತಿ ಬಿಳಿಯದು. ನೀಲಿಯ ಮೇಲೆ ಬಿಳಿಯದೇ ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ಆಯ್ಕೆ ತಮಗೆ ಬಿಟ್ಟದ್ದು. ಹಳೆಯದರ ಹಿಂದಿದ್ದ ಬಿಳಿಯ ಚೌಕ ಮಾತ್ರ ಬೇಡ. ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿರುವುದರಿಂದ ತಮ್ಮಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರಗಳು ಚದುರುವುದಿಲ್ಲ. ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದ ಚಿತ್ರವನ್ನು ದಯವಿಟ್ಟು ಬಳಸಬೇಡಿ, ಅದು ಮುದ್ರಣದಲ್ಲಿ ಮಸುಕಾಗುತ್ತದೆ.

ಅಳತೆಯ ಬಗ್ಗೆ ಒಂದು ವಿಶೇಷ ಕೋರಿಕೆ. ಲಾಂಛನದ ಅಗಲ 30 ಮಿ.ಮೀ.ಗಿಂತ ಕಡಿಮೆಯಾಗದಿರಲಿ. ನಮ್ಮ ಕನ್ನಡ ಶಿಕ್ಷಕಿ ಬೇರೆ ಬೇರೆ ಅಳತೆಗಳಲ್ಲಿ ಮುದ್ರಿಸಿ ನೋಡಿದರು: ಚಿಕ್ಕದಾದಂತೆ ‘ಢ’ದ ಕೆಳಗಿನ ಸೀಳು ಮುಚ್ಚಿಹೋಗಿ ‘ಪ್ರೌಢ’ವು ‘ಪ್ರೌಡ’ವಾಗುತ್ತದೆ. ಶಾಲೆಯ ಮುಖಪುಟದಲ್ಲೇ ಕಾಗುಣಿತ ತಪ್ಪಿದರೆ ಮಕ್ಕಳಿಗೆ ನಾವು ಯಾವ ಮುಖದಿಂದ ಕೆಂಪು ಶಾಯಿ ಬಳಿಯುವುದು?

ಹಿಂಬದಿಯ ರಕ್ಷಾಪುಟದಲ್ಲೂ ಇದೇ ಬದಲಾವಣೆ ಆಗಲಿ. ಆದರೆ 4ನೇ ಪುಟದ ಹಳೆಯ ಛಾಯಾಚಿತ್ರದಲ್ಲಿ, ಶಾಲೆಯ ಗೇಟಿನ ಮೇಲೆ ಕಾಣುವ ಲಾಂಛನವನ್ನು ಅಳಿಸಬೇಡಿ. ಅದನ್ನು ಬರೆದವರು ಈಗ ನಿವೃತ್ತರಾಗಿರುವ ನಮ್ಮ ಚಿತ್ರಕಲಾ ಶಿಕ್ಷಕರು. ಹೊಸದರಲ್ಲಿರುವ ಹಣತೆಯೂ ಅವರ ಕೈಯ ಗೆರೆಯೇ.

ತಿದ್ದಿದ ಕರಡನ್ನು 19ರ ಸೋಮವಾರದೊಳಗೆ, ಪರದೆಯ ಪ್ರತಿಯ ಜೊತೆಗೆ ನಿಜವಾದ ಅಳತೆಯಲ್ಲಿ ಕಾಗದದ ಮೇಲೂ ಮುದ್ರಿಸಿ ಕಳುಹಿಸಬೇಕೆಂದು ಕೋರುತ್ತೇನೆ. ನಾನು ಸಹಿ ಮಾಡಿದ ಮೇಲಷ್ಟೇ 1,500 ಪ್ರತಿಗಳು ಅಚ್ಚಿಗೆ ಹೋಗಲಿ. ಈ ತಿದ್ದುಪಡಿಗೆ ಹೆಚ್ಚುವರಿ ಶುಲ್ಕವಿದ್ದರೆ ಸಂಕೋಚವಿಲ್ಲದೆ ಬಿಲ್ಲಿನಲ್ಲಿ ಸೇರಿಸಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು

ಲಗತ್ತು: ಲಾಂಛನದ ಎರಡು ಕಡತಗಳು